ಒಂಬತ್ತೂವರೆಯ ಬಿಸಿಲು

ನಾನು ಒಬ್ಬ ಮುದುಕಿಗೆ ಸುಳ್ಳು ಬಿಸಿಲು ತೋರಿಸಿದೆ. ಹೀಗೆ ನೇರವಾಗಿ ಹೇಳಿಬಿಟ್ಟರೆ ಎದೆ ಹಗುರ ಆಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಅದಕ್ಕೇ ಪೂರ್ತಿ ಹೇಳುತ್ತೇನೆ.

ರಾಯಚೂರಿನ ತೀನ್ ಕಂದಿಲ್ ಹತ್ತಿರ ಬಟ್ಟೆ ಅಂಗಡಿಯ ಮಾಳಿಗೆಯ ಮೇಲೆ ನನ್ನದೊಂದು ಕೋಣೆ ಇದೆ. ಒಂದು ದೊಡ್ಡ ಕಂಪ್ಯೂಟರ್, ಎರಡು ಕುರ್ಚಿ, ಸದಾ ಕೂಗುವ ಒಂದು ಫ್ಯಾನು. ಜನ ಮನೆ ಕಟ್ಟಿಸುವ ಮೊದಲು ಇಂಜಿನಿಯರ್ ಹಾಕಿದ ನಕ್ಷೆ ಹಿಡಿದುಕೊಂಡು ನನ್ನ ಹತ್ತಿರ ಬರುತ್ತಾರೆ. ಕಟ್ಟಿದ ಮೇಲೆ ಆ ಮನೆ ಹೇಗೆ ಕಾಣುತ್ತದೋ ಹಾಗೆ, ಫೋಟೋ ಹೊಡೆದ ಹಾಗೆ, ಚಿತ್ರ ಮಾಡಿ ಕೊಡುತ್ತೇನೆ. "ನಮ್ಮ ಮಿನಾಜ್ ಕಂಪ್ಯೂಟರ್‌ನಾಗ ಮನಿ ಕಟ್ತಾಳ" ಅಂತ ಅಮ್ಮಿ ಓಣಿಗೆಲ್ಲ ಹೇಳಿಕೊಂಡು ಬರುತ್ತಾಳೆ. ನಿಜವಾದ ಮನೆ ಕಟ್ಟುವವನು ಅವಳ ಅಣ್ಣ, ನನ್ನ ಮಾಮು ಜಿಲಾನಿ ಪಾಷಾ. ಗಬ್ಬೂರಿನವನು, ನಲವತ್ತು ವರ್ಷದ ಮೇಸ್ತ್ರಿ. ದೇವದುರ್ಗ, ಮಾನ್ವಿ ಕಡೆ ಅವನ ಕೈಯ ಗೋಡೆ ನೆಟ್ಟಗಿದೆಯೇ ಅಂತ ದಾರದ ಗುಂಡು ಇಳಿಬಿಟ್ಟು ನೋಡುವವರಿಲ್ಲ, ಅಷ್ಟು ನಂಬಿಕೆ.

ಎರಡು ವರ್ಷದ ಹಿಂದೆ ಮಾನ್ವಿಯ ಮಲ್ಲಯ್ಯ ಸಾವಕಾರರನ್ನು ನನ್ನ ಹತ್ತಿರ ಕಳಿಸಿದ್ದು ಅವನೇ. ಅವರದು ಅಕ್ಕಿ ಗಿರಣಿ. ಹೊಸ ಮನೆ ಕಟ್ಟಿಸುವವರಿದ್ದರು, ಕೆಲಸ ಮಾಮುವಿನದು. "ನಮ್ಮ ಹುಡುಗಿ ಅದಾಳ ಸಾವಕಾರ್ರ, ಆಕಿ ಕಡೆ ಚಿತ್ರ ಮಾಡಸ್ರಿ" ಅಂದಿದ್ದನಂತೆ. ಸಾವಕಾರರು ತಾಯಿ ಬಸವಂತಮ್ಮನನ್ನೂ ಕರೆದುಕೊಂಡು ಬಂದರು. ಎಪ್ಪತ್ತೈದರ ಮುದುಕಿ, ಹಣೆ ತುಂಬ ವಿಭೂತಿ, ಮೊಣಕಾಲು ಹಿಡಿದುಕೊಂಡು ನನ್ನ ಇಪ್ಪತ್ತೆರಡು ಮೆಟ್ಟಿಲು ಹತ್ತಿ ಬಂದಿದ್ದಳು. ಕೂತು ಉಸಿರು ಬಿಟ್ಟು ಮೊದಲು ಕೇಳಿದ್ದು ಬಿಸಿಲನ್ನೇ.

"ಯವ್ವಾ, ನಂದೊಂದ ಮಾತು. ಎಲ್ಲಾರೂ ಜಳಕಾ ಮಾಡಿ ಹೊರಬಿದ್ದ ಮ್ಯಾಲೆ ಒಂಬತ್ತೂವರಿಗೆ ನಾ ಲಿಂಗಪೂಜಿಗೆ ಕುಂದರ್ತೀನಿ. ಒಂದ ತಾಸು. ಬಿಸಿಲಿಗೆ ಕುಂತರ ಕಾಲು ಮಾತು ಕೇಳ್ತಾವ, ಇಲ್ಲಂದ್ರ ಇಲ್ಲ. ನನಗ ಎರಡು ಕ್ವಾಣಿ ತೋರಿಸ್ಯಾರ. ಹಿಂದಿನ ಕ್ವಾಣಿ ನನಗ ಪಾಡ, ಬಚ್ಚಲ ಹತ್ರ ಅದ. ಮುಂದಿಂದು ಮೂಡಣದ ಕ್ವಾಣಿ. ಹಿಂದಿಂದ್ರಾಗ ಒಂಬತ್ತೂವರಿಗೆ ಬಿಸಿಲು ಬೀಳತಿದ್ರ ಅದು ನನಗಿರಲಿ, ಮುಂದಿಂದು ಮೊಮ್ಮಗಳು ಶೈಲಜಾಗ ಕೊಡ್ತೀನಿ. ಓದೋ ಹುಡುಗಿ. ಬೀಳಲಿಲ್ಲಂದ್ರ ಹೇಳು, ಮುಂದಿಂದು ನಾನ ಇಟ್ಕೋತೀನಿ."

ಇದಕ್ಕಿಂತ ಸ್ಪಷ್ಟವಾಗಿ ಯಾರೂ ನನ್ನನ್ನು ಏನನ್ನೂ ಕೇಳಿಲ್ಲ. ಹೌದು ಅಥವಾ ಇಲ್ಲ, ಎರಡೇ ಉತ್ತರ. ತನ್ನ ಕೆಂಪು ನೀಲಿ ಪಟ್ಟಿಯ ಜಮಖಾನೆಯನ್ನೂ ತಂದಿದ್ದಳು, ಚಿತ್ರದಲ್ಲಿ ಅದೇ ಹಾಸಬೇಕಂತೆ. ಅದರ ಫೋಟೋ ಹೊಡೆದುಕೊಂಡೆ.

ನಮ್ಮ ಸಾಫ್ಟ್‌ವೇರಿನಲ್ಲಿ ಬಿಸಿಲು ತರುವುದು ಕಷ್ಟವಲ್ಲ. ಊರು ಯಾವುದು, ತಾರೀಖು ಯಾವುದು, ಗಂಟೆ ಎಷ್ಟು ಅಂತ ಕೊಟ್ಟು, ನಕ್ಷೆಯಲ್ಲಿ ಉತ್ತರ ಯಾವ ಕಡೆ ಅಂತ ತೋರಿಸಿದರೆ ಸೂರ್ಯ ತಾನೇ ತನ್ನ ಜಾಗಕ್ಕೆ ಹೋಗಿ ನಿಲ್ಲುತ್ತಾನೆ. ಮಾನ್ವಿ ಕೊಟ್ಟೆ, ಫೆಬ್ರುವರಿ ಕೊಟ್ಟೆ, ಒಂಬತ್ತೂವರೆ ಕೊಟ್ಟೆ, ಉತ್ತರದ ಬಾಣ ನೋಡಿ ನಕ್ಷೆ ಕೂಡಿಸಿದೆ. ಹಿಂದಿನ ಕೋಣೆಗೆ ಇದ್ದ ಒಂದೇ ಒಂದು ಕಿಟಕಿ ಉತ್ತರಕ್ಕೆ. ಒಳಗೆ ಬಿಸಿಲಿನ ಒಂದು ಚೂರೂ ಬೀಳಲಿಲ್ಲ. ಬೀಳುವುದು ಹೇಗೆ? ಆ ತಿಂಗಳಲ್ಲಿ ಸೂರ್ಯ ಆಗ್ನೇಯದಲ್ಲಿರುತ್ತಾನೆ. ಬೇಕಾದರೆ ಜೂನಿನಲ್ಲಿ ಆ ಕಿಟಕಿಯ ಚೌಕಟ್ಟಿನ ಮೇಲೆ ಒಂದು ಗೆರೆ ಎಳೆದು ಹೋದಾನು, ಅಷ್ಟೇ. ಇದಕ್ಕೆ ಕಂಪ್ಯೂಟರೂ ಬೇಕಿರಲಿಲ್ಲ. ಚಿಕ್ಕವಳಿದ್ದಾಗ ಗಬ್ಬೂರಿನಲ್ಲಿ ಮಾಮು ಗೋಡೆ ಏರಿಸುತ್ತ, "ಉತ್ತರದ ಕಿಡಕಿ ಬೆಳಕು ಕೊಡ್ತದ ಮಿನ್ನು, ಬಿಸಿಲು ಕೊಡೂದಿಲ್ಲ" ಅಂತ ಹೇಳಿಕೊಟ್ಟಿದ್ದ.

ಮುದುಕಿಯ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಇಲ್ಲ. ಫೋನ್ ಮಾಡಿ ಹೇಳಿದ್ದರೆ ಅರ್ಧ ನಿಮಿಷದ ಕೆಲಸ.

ಆದರೆ ಚಿತ್ರ ನೋಡಿದೆ. ಬೂದಿ ಬಣ್ಣದ ಕೋಣೆ. ಸರ್ಕಾರಿ ದವಾಖಾನೆಯ ವಾರ್ಡಿನಂತಿತ್ತು. ಇಂಥದ್ದನ್ನು ಸಾವಕಾರರ ಮುಂದೆ ಹೇಗೆ ಇಡಲಿ? ಆಗ ನನಗೆ ಬಹಳ ಸೊಕ್ಕು. ರಾಯಚೂರಿನಲ್ಲಿ ನನ್ನಷ್ಟು ಚೆನ್ನಾಗಿ ಬಿಸಿಲು ಮಾಡುವವರಿಲ್ಲ ಅಂತ ನಾನೇ ತೀರ್ಮಾನ ಮಾಡಿಕೊಂಡಿದ್ದೆ. ಉತ್ತರದ ಬಾಣವನ್ನು ಹಿಡಿದು ತೊಂಬತ್ತು ಡಿಗ್ರಿ ತಿರುಗಿಸಿದೆ. ಉತ್ತರ ಹೋಗಿ ಪೂರ್ವವಾಯಿತು. ಕಿಟಕಿಯಿಂದ ಬಿಸಿಲು ನುಗ್ಗಿ ಬಂತು.

ಆಮೇಲೆ ಎರಡು ದಿನ ಆ ಬಿಸಿಲಿನ ಅಂಚಿಗೆ ಕೂತೆ. ಹೊಸಬರು ಅಂಚನ್ನು ಬ್ಲೇಡಿನಿಂದ ಕೊಯ್ದಂತೆ ಮಾಡುತ್ತಾರೆ, ಇಲ್ಲವೇ ಎಲ್ಲ ಕಡೆ ಹತ್ತಿಯಂತೆ ಮೆತ್ತಗೆ ಮಾಡುತ್ತಾರೆ. ನಿಜವಾದ ಬಿಸಿಲು ಎರಡೂ ಅಲ್ಲ. ಸೂರ್ಯ ಚುಕ್ಕಿಯಲ್ಲ, ಆಕಾಶದಲ್ಲಿ ಅರ್ಧ ಡಿಗ್ರಿ ಅಗಲ ಇದ್ದಾನೆ. ಅದಕ್ಕೇ ನೆರಳು ಕಿಟಕಿಯಿಂದ ದೂರ ಹೋದಷ್ಟೂ ಅದರ ಅಂಚು ಕರಗುತ್ತದೆ. ಕಿಟಕಿಯ ಕೆಳಗಿನ ಅಂಚಿನ ನೆರಳು ನೆಲದ ಮೇಲೆ ಅರ್ಧ ಇಂಚು ಮಸುಕಾದರೆ, ಮೇಲಿನ ಅಂಚಿನದು ಒಂದೂಕಾಲು ಇಂಚಿನಷ್ಟು. ಸರಳುಗಳ ನೆರಳು ಹತ್ತಿರ ಕಪ್ಪು ಗೆರೆ, ದೂರ ಹೋದಂತೆ ಹೊಗೆ. ಅದೆಲ್ಲ ಅಳೆದು ಮಾಡಿದೆ. ಬಿಸಿಲು ನುಣುಪಾದ ನೆಲದಿಂದ ಜಮಖಾನೆ ಹತ್ತುವ ಕಡೆ ಗೆರೆ ಒಂದು ಕೂದಲಷ್ಟು ಜರುಗಬೇಕು, ನೇಯ್ಗೆಯ ಉಬ್ಬಿಗೆ ಸಣ್ಣ ಹಲ್ಲು ಮೂಡಬೇಕು. ಅದನ್ನೂ ಮಾಡಿದೆ. ಅಂಚು ಅಷ್ಟೂ ಸತ್ಯ, ದಿಕ್ಕೊಂದೇ ಸುಳ್ಳು. ಕೆಳಗಿನ ಮೂಲೆಯಲ್ಲಿ ಚೆಂದದ ಅಕ್ಷರದಲ್ಲಿ "ಬೆಳಿಗ್ಗೆ 9:30" ಅಂತ ಬರೆದೆ. ಆ ಅಕ್ಷರ ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತವೆ.

ಬಸವಂತಮ್ಮ ಮತ್ತೆ ಮೆಟ್ಟಿಲು ಹತ್ತಿ ಬಂದಳು. ಚಿತ್ರ ನೋಡಿದಳು. ಮುಂದೆ ಬಾಗಿ ಪರದೆಯ ಮೇಲಿನ ಬಿಸಿಲಿಗೆ ಬೆರಳಿಟ್ಟಳು. "ಇಲ್ಲೇ ಕುಂದರ್ತೀನಿ" ಅಂದಳು. ನಂತರ ಮಗನ ಕಡೆ ತಿರುಗಿ, "ಮಲ್ಲೂ, ಮುಂದಿನ ಕ್ವಾಣಿ ಶೈಲಾಗ" ಅಂದಳು.

ಹೇಳಲು ಅದು ಎರಡನೆಯ ಸಲದ ಅವಕಾಶ. ನಾಲಿಗೆ ಬಾಯಲ್ಲೇ ಇತ್ತು. "ಚಿತ್ರ ಪಸಂದ್ ಆತಾ, ಅಮ್ಮಾ?" ಅಂತ ಕೇಳಿದೆ.

ಮನೆ ಎದ್ದಿತು. ಮಾಮುವಿನ ಕೈಗೆ ನಕ್ಷೆ ಸಿಕ್ಕಿತ್ತು, ಚಿತ್ರ ಸಿಕ್ಕಿರಲಿಲ್ಲ. ಯಾರ ಕೋಣೆ ಯಾವುದು, ಯಾಕೆ ಅನ್ನುವುದೂ ಅವನಿಗೆ ಗೊತ್ತಿರಲಿಲ್ಲ. ಈ ಜನವರಿಯಲ್ಲಿ ಗೃಹಪ್ರವೇಶವಾಯಿತು. ಕರೆದರು, ಜ್ವರ ಅಂತ ಹೇಳಿ ತಪ್ಪಿಸಿಕೊಂಡೆ. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರಲ್ಲ, ಆ ಊಟಕ್ಕೆ ಹೋಗುವ ಧೈರ್ಯ ಇರಲಿಲ್ಲ. ಫೆಬ್ರುವರಿಯ ಎರಡನೆಯ ವಾರ ಸಾವಕಾರರ ಫೋನ್ ಬಂತು.

"ಮಿನಾಜ್ ಬಾಯಿ, ಅವ್ವನ ಕ್ವಾಣ್ಯಾಗ ಬಿಸಿಲು ಬೀಳವಲ್ದು. ನಿಮ್ಮ ಮಾಮಾಗ ಕೇಳಿದೆ. 'ಛಜ್ಜಾ ಉದ್ದ ಆಗೇದ ಸಾವಕಾರ್ರ, ನಂದ ತಪ್ಪು, ಕಡದ ಕೊಡ್ತೀನಿ' ಅಂದ. ನಿಮ್ಮ ಚಿತ್ರದಾಗ ಛಜ್ಜಾನ ಇಲ್ಲ ನೋಡ್ರಿ. ನಾಳಿ ಒಂಬತ್ತೂವರಿ ಒಳಗ ಬರ್ರಿ. ಎಷ್ಟು ಕಡೀಬೇಕು ಅಂತ ನೋಡಿ ಹೇಳ್ರಿ."

ಒಳಗಿನಿಂದ ನೋಡಿದ ಚಿತ್ರದಲ್ಲಿ ಕಿಟಕಿಯ ಮೇಲೆ ಹೊರಗೆ ಚಾಚಿದ ಛಜ್ಜಾ, ಮಳೆ ತಡೆಯುವ ಕಾಂಕ್ರೀಟಿನ ಸೂರು, ಕಾಣುವುದಿಲ್ಲ. ಅದಕ್ಕೇ ನಾನು ಮಾಡಿರಲಿಲ್ಲ. ತಪ್ಪು ಮಾಡಿದವಳನ್ನೇ ಪಂಚಾಯ್ತಿಗೆ ಕರೆದಿದ್ದರು.

ಮರುದಿನ ಮೊದಲ ಬಸ್ಸಿಗೆ ಮಾನ್ವಿಗೆ ಹೋದೆ. ಮನೆ ಮೂಡಣ ದಿಕ್ಕಿಗೆ ಮುಖ ಮಾಡಿ ನಿಂತಿತ್ತು. ಬಾಗಿಲು ದಾಟಿ ಬಲಕ್ಕೆ ಚಪ್ಪಲಿ ಬಿಡುವ ಜಾಗ. ಅಲ್ಲಿ ಹತ್ತಾರು ಜೊತೆಗಳ ನಡುವೆ ನನ್ನವನ್ನೂ ಬಿಟ್ಟು ಒಳಗೆ ಹೋದೆ. ಹಿಂದಿನಿಂದ ಸುತ್ತಿಗೆ, ಚಾಣದ ಸದ್ದು ಬರುತ್ತಿತ್ತು.

ಕೋಣೆಯಲ್ಲಿ ಬಸವಂತಮ್ಮ ಜಮಖಾನೆ ಹಾಸಿ ಕೂತಿದ್ದಳು. ಸರಿಯಾಗಿ ಅಲ್ಲೇ, ಚಿತ್ರದಲ್ಲಿ ನಾನು ಹಾಸಿದ್ದ ಜಾಗದಲ್ಲೇ. ಎದುರಿನ ಗೋಡೆಗೆ ನನ್ನ ಚಿತ್ರವನ್ನು ಕಟ್ಟು ಹಾಕಿಸಿ ತೂಗುಹಾಕಿದ್ದರು. ಹಾಸಿದ ಜಮಖಾನೆಯ ಮೇಲೆ ತಣ್ಣನೆಯ ಬೆಳಕು, ಚಿತ್ರದ ಜಮಖಾನೆಯ ಮೇಲೆ ಬಂಗಾರದ ಬಿಸಿಲು. ಆಕೆ ಹೆಗಲಿಗೆ ಶಾಲು ಹೊದ್ದುಕೊಂಡಿದ್ದಳು.

"ಬಾ ಯವ್ವಾ" ಅಂದಳು. "ನಾನ ಏನರ ತಪ್ಪು ಜಾಗದಾಗ ಕುಂತೀನೇನು ನೋಡು. ನಿನ್ನೆ ಆ ಮೂಲ್ಯಾಗ ಹಾಸಿದ್ದೆ, ಮೊನ್ನೆ ಗ್ವಾಡಿ ಬುಡಕ. ಎಲ್ಲೂ ಸಿಗವಲ್ದು. ಚಿತ್ರ ನೋಡಿಕೋತ ನೋಡಿಕೋತ ಹಾಸ್ತೀನಿ, ಆದ್ರೂ ಸಿಗವಲ್ದು."

ನನಗೆ ಅಲ್ಲೇ ಸತ್ತು ಹೋಗಬೇಕು ಅನ್ನಿಸಿತು. ಒಂದು ತಿಂಗಳಿಂದ ಆ ಮುದುಕಿ ನೋಯುವ ಮೊಣಕಾಲಿನಲ್ಲಿ ಇಲ್ಲದ ಬಿಸಿಲನ್ನು ಹುಡುಕುತ್ತ ಕೋಣೆ ತುಂಬ ಜಮಖಾನೆ ಎಳೆದಾಡಿದ್ದಳು. ತಪ್ಪು ತನ್ನದೇ ಇರಬೇಕು ಅಂದುಕೊಂಡಿದ್ದಳು. ಚಿತ್ರದ ಮೇಲೆ ಅವಳಿಗೆ ಅನುಮಾನವೇ ಬಂದಿರಲಿಲ್ಲ.

ಕಿಟಕಿಯ ಹತ್ತಿರ ಹೋದೆ. ಹೊರಗೆ ಏಣಿಯ ಮೇಲೆ ಮಾಮು. ಗಡ್ಡ, ಹುಬ್ಬುಗಳ ಮೇಲೆಲ್ಲ ಸಿಮೆಂಟಿನ ಬೂದಿ. ತಾನೇ ಎರಕ ಹಾಕಿದ ಛಜ್ಜಾವನ್ನು ತಾನೇ ಒಡೆಯುತ್ತಿದ್ದ. ಎರಡು ಅಡಿಯಲ್ಲಿ ಅರ್ಧದಷ್ಟು ಹೋಗಿತ್ತು, ಕಬ್ಬಿಣದ ಸರಳು ಹೊರಗೆ ಚಾಚಿಕೊಂಡಿದ್ದವು. ಕೆಳಗೆ ಮಲ್ಲಯ್ಯ ಸಾವಕಾರರು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

"ನಲವತ್ತು ವರ್ಷದ ಮೇಸ್ತ್ರಿ ಅಂತ ಊರೆಲ್ಲಾ ಹೊಗಳ್ತಾರ" ಅನ್ನುತ್ತಿದ್ದರು. "ಒಂದು ಛಜ್ಜಾದ ಅಳತಿ ತಿಳೀಲಿಲ್ಲಲ್ರೀ ನಿಮಗ."

"ಹೌದ್ರೀ ಸಾವಕಾರ್ರ, ತಪ್ಪಾತು" ಅಂದ ಮಾಮು.

"ಮಾಮು, ನಿಲ್ಲಿಸು" ಅಂದೆ. ಅವನು ನನ್ನ ಕಡೆ ನೋಡಿದ. ಆ ನೋಟದಲ್ಲಿ ಆಶ್ಚರ್ಯ ಇರಲಿಲ್ಲ. ಕಿಟಕಿಯ ಸರಳಿನ ಹತ್ತಿರ ಬಾಗಿ, ಬರೀ ನನಗೆ ಕೇಳಿಸುವಂತೆ "ಚುಪ್ ಬೈಠ್, ಮಿನ್ನು" ಅಂದ. ಸುಮ್ಮನಿರು ಅಂತ.

ಆಗ ನನಗೆ ಹೊಳೆಯಿತು. ಅವನಿಗೆ ಗೊತ್ತಿತ್ತು. ಉತ್ತರದ ಕಿಟಕಿ ಬಿಸಿಲು ಕೊಡುವುದಿಲ್ಲ ಅಂತ ನನಗೆ ಹೇಳಿಕೊಟ್ಟವನಿಗೆ ಗೊತ್ತಿಲ್ಲದೆ ಇರುತ್ತದೆಯೇ? ಸಾವಕಾರರು ಬಿಸಿಲಿನ ತಕರಾರು ಎತ್ತಿ, ಗೋಡೆಯ ಮೇಲಿನ ಚಿತ್ರ ತೋರಿಸಿದ ಗಳಿಗೆಯಲ್ಲೇ ಅವನಿಗೆ ಎಲ್ಲ ತಿಳಿದಿರಬೇಕು. ತಿಳಿದೇ ತನ್ನ ತಪ್ಪು ಅಂದಿದ್ದ. ಇಡೀ ಛಜ್ಜಾ ಕಿತ್ತರೂ ಒಂದು ಕಿರಣ ಬರುವುದಿಲ್ಲ ಅಂತ ಗೊತ್ತಿದ್ದೂ ಏಣಿ ಹತ್ತಿದ್ದ. ನಲವತ್ತು ವರ್ಷದ ಹೆಸರನ್ನು ನನ್ನ ಒಂದು ಚಿತ್ರದ ಮಾನ ಉಳಿಸಲಿಕ್ಕೆ ಚೂರು ಚೂರಾಗಿ ಒಡೆದು ಕೆಳಗೆ ಹಾಕುತ್ತಿದ್ದ.

ಹೇಳಲು ಅದು ಮೂರನೆಯ ಸಲದ ಅವಕಾಶ.

"ಸಾವಕಾರ್ರ, ಒಳಗ ಬರ್ರಿ" ಅಂದೆ. ಧ್ವನಿ ನನ್ನದೇ ಅನ್ನಿಸಲಿಲ್ಲ. ಅವರು ಒಳಗೆ ಬಂದರು, ಮಾಮು ಏಣಿ ಇಳಿದು ಬಂದ, ಸದ್ದು ನಿಂತದ್ದಕ್ಕೆ ಶೈಲಜಾಳೂ ಪುಸ್ತಕ ಹಿಡಿದುಕೊಂಡೇ ಬಂದಳು. ಎಲ್ಲರ ಮುಂದೆ ಹೇಳಿದೆ. "ಛಜ್ಜಾದ್ದು ತಪ್ಪಿಲ್ಲ. ಮಾಮುಂದೂ ತಪ್ಪಿಲ್ಲ. ಈ ಕಿಡಕಿ ಉತ್ತರಕ್ಕದ, ಇದರಾಗ ಬಿಸಿಲು ಬರೂದಿಲ್ಲ. ಚಿತ್ರ ಚಂದ ಕಾಣಲಿ ಅಂತ ನಾನ ದಿಕ್ಕು ತಿರುಗಿಸಿದೆ. ನನಗ ಗೊತ್ತಿತ್ತು. ಅಮ್ಮ ಕೇಳಿದಾಗೂ ಗೊತ್ತಿತ್ತು."

ಸಾವಕಾರರ ಮುಖ ಕೆಂಪಾಯಿತು. ಆದರೆ ಅವರು ತಿರುಗಿದ್ದು ಮಾಮುವಿನ ಕಡೆ. "ಹಂಗಾರ ಮೇಸ್ತ್ರಿ, ನೀವು ನನಗ ಸುಳ್ಳು ಹೇಳಿದ್ರಿ?"

ಮಾಮು ರುಮಾಲು ಬಿಚ್ಚಿ ಮುಖ ಒರೆಸಿಕೊಂಡ. "ಹೂಂ ಸಾವಕಾರ್ರ. ಛಜ್ಜಾ ಸರಿ ಇತ್ತು. ಸುಳ್ಳು ಹೇಳಿದೆ." ಆಮೇಲೆ ನೆಲ ನೋಡುತ್ತ, "ಮತ್ತ ಹಾಕಿಕೊಡ್ತೀನಿ. ಇಲ್ಲಂದ್ರ ಮಳಿಗಾಲಕ್ಕ ನೀರು ಒಳಗ ಬರ್ತಾವ" ಅಂದ.

ನನ್ನ ಸತ್ಯ ಅವನನ್ನು ಸುಳ್ಳುಗಾರನನ್ನಾಗಿ ಮಾಡಿತ್ತು. ಇಷ್ಟು ಹೊತ್ತು ಅಳತೆ ತಪ್ಪಿದ ಮೇಸ್ತ್ರಿಯಾಗಿದ್ದ, ಈಗ ಮಾತು ತಪ್ಪಿದವನೂ ಆದ. ಬಾಯಿ ಬಿಡುವಾಗ ಅದನ್ನು ನಾನು ಎಣಿಸಿರಲೇ ಇಲ್ಲ.

ಶೈಲಜಾ ಅಜ್ಜಿಯ ಪಕ್ಕ ಕೂತಳು. "ಅಮ್ಮಾ, ನನ್ನ ಕ್ವಾಣಿ ತಗೋ. ನಾ ಇಲ್ಲೇ ಓದ್ತೀನಿ, ಇವತ್ತ ಬದಲಿ ಮಾಡೂಣು."

"ಸುಮ್ನಿರು" ಅಂದಳು ಬಸವಂತಮ್ಮ. "ಕೊಟ್ಟಿದ್ದನ್ನ ತಿರುಗಿ ಇಸಗೊಳ್ಳೂದಿಲ್ಲ ನಾ." ಮತ್ತೆ ನನ್ನ ಕಡೆ ನೋಡಿದಳು. ಬೈಯುತ್ತಾಳೆ ಅಂತ ಕಾದೆ. ಬೈಯಲಿ ಅಂತ ಬೇಡಿಕೊಂಡೆ. ಆಕೆ ಕೇಳಿದ್ದು ಇಷ್ಟೇ: "ಈಗರ ಖರೇ ಹೇಳು. ಒಂಬತ್ತೂವರಿಗೆ ಈ ಮನ್ಯಾಗ ಬಿಸಿಲು ಎಲ್ಲಿ ಬೀಳ್ತದ?"

ಗಡಿಯಾರ ನೋಡಿದೆ. ಒಂಬತ್ತೂವರೆಯೇ ಆಗಿತ್ತು. ಲ್ಯಾಪ್‌ಟಾಪ್ ತೆಗೆಯುವ ಅಗತ್ಯವಿರಲಿಲ್ಲ. ಕೋಣೆಯ ಬಾಗಿಲಿನಿಂದ ಪಡಸಾಲೆಯ ಆಚೆಗೆ ಕಾಣುತ್ತಿತ್ತು. ತೆರೆದ ಮುಂಬಾಗಿಲಿನಿಂದ ಬಿಸಿಲು ಓರೆಯಾಗಿ ಒಳಬರುವವರ ಬಲಕ್ಕೆ ಬಿದ್ದಿತ್ತು, ಐದಾರು ಅಡಿ ಉದ್ದ. ಬಾಗಿಲ ಚೌಕಟ್ಟಿನ ಬುಡದಲ್ಲಿ ಗೆರೆ ಚೂಪು, ಒಳಗೆ ಬಂದಂತೆ ಮೆತ್ತಗೆ. ನಾನು ಎರಡು ದಿನ ಕೂತು ಮಾಡಿದ್ದೆಲ್ಲ ಅಲ್ಲಿ ಯಾರ ಹಂಗೂ ಇಲ್ಲದೆ ಬಿದ್ದಿತ್ತು. ಅದರ ನಡುವೆ ಮನೆಯವರೆಲ್ಲರ ಚಪ್ಪಲಿಗಳು.

"ಶೈಲಜಾನ ಕ್ವಾಣಿ ಬಿಟ್ರ, ಅಲ್ಲಿ" ಅಂದೆ. ಬೆರಳು ತೋರಿಸಲು ನಾಚಿಕೆಯಾಯಿತು. "ಚಪ್ಪಲಿ ಬಿಡೂ ಜಾಗದಾಗ."

ಬಸವಂತಮ್ಮ ಯಾರ ಕೈಯೂ ಹಿಡಿಯದೆ ಎದ್ದಳು. ಜಮಖಾನೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಳು. ಗೋಡೆ ಹಿಡಿದು ಹಿಡಿದು ಪಡಸಾಲೆ ದಾಟಿದಳು. ನಾನು ಓಡಿ ಹೋಗಿ ಕುಕ್ಕರುಗಾಲಲ್ಲಿ ಕೂತು ಚಪ್ಪಲಿಗಳನ್ನು ಎರಡೂ ಕೈಯಿಂದ ಬಾಚಿ ಹೊರಗೆ ಹಾಕಿದೆ. ಸಾವಕಾರರವು, ಶೈಲಜಾಳವು, ಮಾಮುವಿನ ಸಿಮೆಂಟು ಮೆತ್ತಿದ ಜೋಡು. ಶೈಲಜಾ ನೀರು ತಂದು ನೆಲ ಒರೆಸಿದಳು. ಬಸವಂತಮ್ಮ ಜಮಖಾನೆ ಹಾಸಿ ಕೂತಳು. ಬಿಸಿಲಿನ ಗೆರೆ ನೆಲದಿಂದ ಜಮಖಾನೆ ಹತ್ತುವಾಗ ಕೂದಲಷ್ಟು ಜರುಗಿತು, ನೇಯ್ಗೆಯ ಮೇಲೆ ಸಣ್ಣ ಹಲ್ಲು ಮೂಡಿದವು. ಶಾಲು ತೆಗೆದು ಪಕ್ಕಕ್ಕಿಟ್ಟು, ಮೊಣಕಾಲನ್ನು ಬಿಸಿಲಿಗೆ ಒಡ್ಡಿ, ಕರಡಿಗೆಯಿಂದ ಲಿಂಗ ತೆಗೆದು ಅಂಗೈ ಮೇಲಿಟ್ಟುಕೊಂಡಳು.

ನಾನು ಪಕ್ಕದಲ್ಲಿ ನಿಂತೇ ಇದ್ದೆ. ಕೊನೆಯ ಜೊತೆ ನನ್ನದೇ, ಅದಿನ್ನೂ ಕೈಯಲ್ಲಿತ್ತು.

"ಆ ಚಿತ್ರ ತಗೊಂಡು ಹೋಗ್ತೀನಿ, ಅಮ್ಮಾ" ಅಂದೆ.

"ಬ್ಯಾಡ. ಇರ್ಲಿ. ನನ್ನ ಕ್ವಾಣ್ಯಾಗ ಬಿಸಿಲು ಇರೂದು ಅದರಾಗ ಒಂದ." ಕಣ್ಣು ಮುಚ್ಚುವ ಮೊದಲು ನನ್ನ ಕೈ ನೋಡಿದಳು. "ಚಪ್ಪಲಿ ಯಾಕ ಹಿಡಕೊಂಡು ನಿಂತಿ ಬೇ? ಎಲ್ಲ್ಯರ ಇಡು."

"ಎಲ್ಲಿ ಇಡ್ಲಿ, ಅಮ್ಮಾ?"

"ನನ್ನ ಕ್ವಾಣ್ಯಾಗ ಇಡು" ಅಂದಳು. "ಅಲ್ಲಿ ಈಗ ಭಾಳ ಜಾಗಾ ಅದ."

ಕಣ್ಣು ಮುಚ್ಚಿದಳು. ತಮಾಷೆಯೋ ಬೈಗುಳವೋ ಕೇಳುವ ಧೈರ್ಯ ನನಗಿರಲಿಲ್ಲ. ಬಿಸಿಲಿನ ಗೆರೆ ತುಳಿಯದಂತೆ ಸುತ್ತು ಹಾಕಿ ಹೊರಗೆ ಬಂದು, ಬರಿಗಾಲಲ್ಲೇ ರಸ್ತೆಯವರೆಗೆ ನಡೆದೆ. ಕೈಯಲ್ಲಿದ್ದ ಚಪ್ಪಲಿ ಇನ್ನೂ ಬಿಸಿಯಾಗಿದ್ದವು.